ಸೇಂಟ್ ಜಾನ್ಸ್ ವರ್ಟ್ ಮೂಲಿಕೆ ಮತ್ತು ಗರ್ಭನಿರೋಧಕ ಮಾತ್ರೆ: ಸಾರ್ವಜನಿಕರ ಮಾಹಿತಿಗಾಗಿ

ಮಾಲಾ-ಎನ್ ಮುಂತಾದ ನುಂಗುವ ಗರ್ಭನಿರೋಧಕ ಮಾತ್ರೆಗಳನ್ನು ಬಳಸುತ್ತಿರುವ ಮಹಿಳೆಯರು ಮನಸ್ಸಿನ ಬೇಸರಕ್ಕೆಂದು ಗಿಡಮೂಲಿಕೆಯ ಔಷಧವನ್ನು ಸೇವಿಸುವ ಮುನ್ನ ತಿಳಿದಿರಬೇಕಾದ ಒಂದು ವಿಷಯವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ಈ ಮೂಲಿಕೆ ಯಾವುದು?

ಸೇಂಟ್ ಜಾನ್ಸ್ ವರ್ಟ್ ಹಳದಿ ಹೂ ಬಿಡುವ ಒಂದು ಚಿಕ್ಕ ಗಿಡ. ಇದರ ಸಸ್ಯಶಾಸ್ತ್ರೀಯ ಹೆಸರು ಹೈಪರಿಕಮ್ ಪರ್ಫೊರೇಟಮ್. ಯುರೋಪಿನಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದ್ದು, ಜರ್ಮನಿಯಲ್ಲಿ ಯೊಹಾನಿಸ್‌ಕ್ರೌಟ್ ಎಂಬ ಹೆಸರಿನಲ್ಲಿ ಸೌಮ್ಯ ಖಿನ್ನತೆಗೆ ಕೊಡಲಾಗುತ್ತದೆ. ನಮ್ಮಲ್ಲಿ ಇದರ ಕ್ಯಾಪ್ಸೂಲುಗಳು ಅಂತರ್ಜಾಲದ ಮಳಿಗೆಗಳಲ್ಲಿ ದೊರೆಯುತ್ತವೆ. ವಿದೇಶದಲ್ಲಿರುವ ಬಂಧುಗಳು ತಂದುಕೊಡುವುದೂ ಉಂಟು. ಹೋಮಿಯೋಪತಿಯಲ್ಲಿ ಹೈಪರಿಕಮ್ ಎಂದು ಕರೆಯಲಾಗುವುದೂ ಇದೇ ಗಿಡದ ಔಷಧ. ಅತಿಯಾಗಿ ತೆಳುಗೊಳಿಸಿದ ಗುಳಿಗೆಗಳಲ್ಲಿ ಗಿಡದ ಅಂಶ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ಅದರ ಮೂಲ ಟಿಂಕ್ಚರಿನಲ್ಲಿ ಗಿಡದ ಸಾರವೇ ಇರುವುದರಿಂದ, ಅದನ್ನು ಸೇವಿಸುತ್ತಿರುವವರೂ ವೈದ್ಯರಿಗೆ ತಿಳಿಸತಕ್ಕದ್ದು.

2. ಮಾತ್ರೆಯ ಪರಿಣಾಮ ಹೇಗೆ ಕುಗ್ಗುತ್ತದೆ?

ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನುಗಳು ರಕ್ತದಲ್ಲಿ ನಿಗದಿತ ಮಟ್ಟದಲ್ಲಿ ಇದ್ದರೆ ಮಾತ್ರ ಅಂಡೋತ್ಪತ್ತಿ ತಡೆಯಲ್ಪಡುತ್ತದೆ. ಪ್ರತಿದಿನ ನುಂಗಿದ ಹಾರ್ಮೋನಿನ ಒಂದು ಭಾಗವನ್ನು ಕರುಳು ಮತ್ತು ಯಕೃತ್ತಿನಲ್ಲಿರುವ ಕಿಣ್ವಗಳು ಒಡೆದು ಹೊರಹಾಕುತ್ತವೆ. ಮಾತ್ರೆಯ ಪ್ರಮಾಣವನ್ನು ಈ ನಷ್ಟವನ್ನು ಲೆಕ್ಕ ಹಿಡಿದೇ ನಿಗದಿಪಡಿಸಲಾಗಿರುತ್ತದೆ.

ಮೂಲಿಕೆಯಲ್ಲಿರುವ ಹೈಪರ್ಫೊರಿನ್ ಎಂಬ ಅಂಶವು ಈ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಆಗ ಹಾರ್ಮೋನು ಬೇಗನೆ ಒಡೆದು, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಮೂಲಿಕೆ ಮತ್ತು ಮಾತ್ರೆ ಹೊಟ್ಟೆಯಲ್ಲಿ ಬೆರೆಯುವುದರಿಂದ ಇದು ಆಗುವುದಲ್ಲ. ಆದುದರಿಂದ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಸೇವಿಸಿದರೂ ಪ್ರಯೋಜನವಿಲ್ಲ. ಕಿಣ್ವಗಳು ಹೆಚ್ಚಲು ಸುಮಾರು ಎರಡು ವಾರ ಹಿಡಿಯುತ್ತದೆ. ಮೂಲಿಕೆ ನಿಲ್ಲಿಸಿದ ಮೇಲೆ ಅವು ಮೊದಲಿನ ಮಟ್ಟಕ್ಕೆ ಮರಳಲೂ ಕಾಲಾವಕಾಶ ಬೇಕು.

ಹೈಪರ್ಫೊರಿನ್ ಪ್ರಮಾಣವು ಒಂದೊಂದು ತಯಾರಿಕೆಯಲ್ಲಿ ಒಂದೊಂದು ರೀತಿ ಇರುತ್ತದೆ. ಅದು ಬಹಳ ಕಡಿಮೆ ಇರುವ ತಯಾರಿಕೆಗಳ ಪರಿಣಾಮವೂ ಕಡಿಮೆ. ಆದರೆ ಈ ಪ್ರಮಾಣವನ್ನು ಎಲ್ಲ ತಯಾರಿಕೆಗಳ ಚೀಟಿಯಲ್ಲೂ ನಮೂದಿಸಿರುವುದಿಲ್ಲವಾದ್ದರಿಂದ, ತಾವು ಕೊಂಡ ಔಷಧ ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

3. ಸಂಶೋಧನೆಯಲ್ಲಿ ಕಂಡುಬಂದದ್ದೇನು?

ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದ 12 ಮಹಿಳೆಯರಿಗೆ ಈ ಮೂಲಿಕೆಯನ್ನು 300 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಬಾರಿ ಕೊಡಲಾಯಿತು. ಮಾತ್ರೆಯನ್ನು ಮಾತ್ರ ಸೇವಿಸುತ್ತಿದ್ದಾಗ ಇಬ್ಬರಲ್ಲಿ ಮುಟ್ಟಿನ ನಡುವೆ ರಕ್ತಸ್ರಾವ ಕಂಡಿದ್ದರೆ, ಮೂಲಿಕೆ ಸೇರಿದ ಮೇಲೆ ಏಳು ಮಂದಿಯಲ್ಲಿ ಕಂಡಿತು. ಮುಂದೆ 2014ರಲ್ಲಿ, ತೋಳಿನಲ್ಲಿ ಹಾರ್ಮೋನು ಇಂಪ್ಲಾಂಟ್ ಹೊಂದಿದ್ದ ಇಬ್ಬರು ಮಹಿಳೆಯರು ಈ ಮೂಲಿಕೆ ಸೇವಿಸಿ ಗರ್ಭಿಣಿಯರಾದ ವರದಿಗಳು ಬಂದುದರಿಂದ, ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಕೆಯನ್ನು ಹೊರಡಿಸಿತು.

4. ಯಾವ ವಿಧಾನಗಳಿಗೆ ಬಾಧಕ, ಯಾವುದಕ್ಕೆ ಇಲ್ಲ?

ಹಾರ್ಮೋನುಯುಕ್ತ ಮಾತ್ರೆಗಳು, ಚರ್ಮಕ್ಕೆ ಅಂಟಿಸುವ ಪಟ್ಟಿ, ಯೋನಿಯಲ್ಲಿ ಇರಿಸುವ ಉಂಗುರ ಹಾಗೂ ಇಂಪ್ಲಾಂಟ್‌ಗಳ ಪರಿಣಾಮ ಕುಗ್ಗುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆಯ ಪರಿಣಾಮವೂ ಕುಗ್ಗುತ್ತದೆ. ಕಾಪರ್-ಟಿ ವಂಕಿ, ಹಾರ್ಮೋನುಯುಕ್ತ ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು ಮತ್ತು ನಿರೋಧ್‌ಗಳಿಗೆ ಮೂಲಿಕೆಯಿಂದ ಬಾಧಕವಿಲ್ಲ.

5. ಒಂದು ಉದಾಹರಣೆ

ಹಲವು ತಿಂಗಳುಗಳಿಂದ ಮಾಲಾ-ಎನ್ ಸೇವಿಸುತ್ತಿರುವ ಒಬ್ಬ ಮಹಿಳೆ ಜನವರಿ 1ರಂದು ಹೊಸ ಪಟ್ಟಿಯನ್ನೂ, ಅದೇ ದಿನ ಈ ಮೂಲಿಕೆಯನ್ನೂ ಆರಂಭಿಸಿದರೆಂದು ಇಟ್ಟುಕೊಳ್ಳೋಣ. ಪಟ್ಟಿಯಲ್ಲಿ ಹಾರ್ಮೋನಿನ 21 ಮಾತ್ರೆಗಳೂ ಕಬ್ಬಿಣಾಂಶದ 7 ಮಾತ್ರೆಗಳೂ ಇರುತ್ತವೆ. ಮುಟ್ಟು ಬರಬೇಕಾದದ್ದು ಕಬ್ಬಿಣಾಂಶದ ಮಾತ್ರೆಗಳ ದಿನಗಳಲ್ಲಿ, ಎಂದರೆ ಜನವರಿ 22ರ ನಂತರ. ಆದರೆ ಅವರಿಗೆ ಜನವರಿ 14ರಂದೇ ರಕ್ತಸ್ರಾವ ಕಾಣಿಸಿತು. ಅವರು ಮಾತ್ರೆ ಮರೆತಿಲ್ಲ. ವಾಂತಿ ಭೇದಿಯೂ ಆಗಿಲ್ಲ. ಹೀಗಿರುವಾಗ ಮೂಲಿಕೆಯ ಮೇಲೆ ಸಂಶಯ ಪಡಲು ಕಾರಣವಿದೆ. ಆದರೆ ರಕ್ತಸ್ರಾವ ಕಾಣದಿದ್ದ ಮಾತ್ರಕ್ಕೆ ರಕ್ಷಣೆ ಇದೆಯೆಂದು ಅರ್ಥವಲ್ಲ.

ಅವರು ಜನವರಿ 15ರಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ವೈದ್ಯರ ಸಲಹೆಯಂತೆ ಮೂಲಿಕೆಯನ್ನು ಅಂದೇ ನಿಲ್ಲಿಸುತ್ತಾರೆ. ಮಾಲಾ-ಎನ್ ಮುಂದುವರಿಯುತ್ತದೆ. ನಿಲ್ಲಿಸಿದ ನಂತರ 28 ದಿನಗಳವರೆಗೆ, ಎಂದರೆ ಫೆಬ್ರುವರಿ 12ರವರೆಗೆ, ಪ್ರತಿ ಸಂಪರ್ಕದಲ್ಲಿಯೂ ನಿರೋಧ್ ಬಳಸಬೇಕು.

ಜನವರಿ 12ರಂದು ನಿರೋಧ್ ಇಲ್ಲದೆ ಸಂಪರ್ಕವಾಗಿತ್ತೆಂದಾದರೆ ಏನು ಮಾಡಬೇಕು? ಐದು ದಿನಗಳೊಳಗೆ ಕಾಪರ್-ಟಿ ಅಳವಡಿಸುವುದು ಇಲ್ಲಿ ಹೆಚ್ಚು ಭರವಸೆಯ ತುರ್ತು ಕ್ರಮ. ಅದು ಮುಂದಿನ ದಿನಗಳಿಗೂ ರಕ್ಷಣೆ ಕೊಡುವುದರಿಂದ, ಗರ್ಭನಿರೋಧಕ್ಕಾಗಿ ಆ 28 ದಿನ ನಿರೋಧ್ ಬೇಕಾಗುವುದಿಲ್ಲ. ವಂಕಿ ಬೇಡವೆನ್ನುವವರಿಗೆ, ತುರ್ತು ಮಾತ್ರೆಯ ಸಾಮಾನ್ಯ ಪ್ರಮಾಣವಾದ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಸಾಲದೆ ಹೋಗಬಹುದೆಂದು ಬ್ರಿಟನ್ನಿನಲ್ಲಿ 2016ರಿಂದ ಇಮ್ಮಡಿ ಪ್ರಮಾಣವನ್ನು ಸೂಚಿಸಲಾಗುತ್ತಿದೆ. ಇದನ್ನು ವೈದ್ಯರೇ ತೀರ್ಮಾನಿಸಬೇಕು; ಸ್ವತಃ ಹೆಚ್ಚು ಮಾತ್ರೆ ನುಂಗತಕ್ಕದ್ದಲ್ಲ. ಸಂಪರ್ಕವಾಗಿ 21 ದಿನಗಳ ನಂತರ, ಎಂದರೆ ಫೆಬ್ರುವರಿ 2ರಂದು, ನಿಶ್ಚಯ್ ಕಿಟ್‌ನಿಂದ ಮೂತ್ರ ಪರೀಕ್ಷೆ ಮಾಡಿಕೊಳ್ಳಬೇಕು. ಕಿಟ್‌ಗಾಗಿ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು.

6. ಮೂಲಿಕೆ ನಿಲ್ಲಿಸಿದರೆ ಬೇಸರಕ್ಕೆ ಏನು ಮಾಡುವುದು?

ಮಾತ್ರೆಗಾಗಿ ಮನಸ್ಸಿನ ತೊಂದರೆಯನ್ನು ಚಿಕಿತ್ಸೆಯಿಲ್ಲದೆ ಬಿಡಬೇಕೆಂದು ಇದರ ಅರ್ಥವಲ್ಲ. ಖಿನ್ನತೆಗೆ ಸಾಮಾನ್ಯವಾಗಿ ಬರೆದುಕೊಡುವ ಬಹುಪಾಲು ಔಷಧಗಳು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಕುಗ್ಗಿಸುವುದಿಲ್ಲ. ಆದರೆ ಅವುಗಳಲ್ಲಿ ಹಲವನ್ನು ಈ ಮೂಲಿಕೆಯ ಜೊತೆಗೆ ಸೇವಿಸಿದಲ್ಲಿ ನಡುಕ, ಬೆವರು, ಜ್ವರ, ಗೊಂದಲಗಳಿಂದ ಕೂಡಿದ ಅಪಾಯಕರ ಸ್ಥಿತಿ ಉಂಟಾಗಬಹುದು. ಆದುದರಿಂದ ಮೂಲಿಕೆಯನ್ನು ಸೇವಿಸಿದ್ದರೆ, ಇತ್ತೀಚೆಗೆ ನಿಲ್ಲಿಸಿದ್ದರೂ ಸಹ, ವೈದ್ಯರಿಗೆ ತಿಳಿಸತಕ್ಕದ್ದು. ಮೂಲಿಕೆಯೇ ಬೇಕೆನ್ನುವವರು ವೈದ್ಯರೊಡನೆ ಚರ್ಚಿಸಿ, ಬಾಧಕವಿಲ್ಲದ ಗರ್ಭನಿರೋಧಕ ವಿಧಾನಕ್ಕೆ ಬದಲಾಯಿಸಿಕೊಳ್ಳಬಹುದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮುಂತಾದ ಇತರ ಔಷಧ ಸೇವಿಸುತ್ತಿರುವವರು ಮೂಲಿಕೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕಿಣ್ವಗಳು ಇಳಿದಂತೆ ಆ ಔಷಧದ ಮಟ್ಟ ರಕ್ತದಲ್ಲಿ ಏರುತ್ತದೆ.

ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಸಲಹೆಗೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಸೂಚನೆ: ಗರ್ಭನಿರೋಧಕ ಸೇವೆ ಪಡೆಯಲು ಆರೋಗ್ಯ ಕೇಂದ್ರಕ್ಕೆ ಬರುವಾಗ, ಸೇವಿಸುತ್ತಿರುವ ಮೂಲಿಕೆ, ಟಾನಿಕ್ ಅಥವಾ ಕ್ಯಾಪ್ಸೂಲಿನ ಡಬ್ಬಿಯನ್ನೇ ಜೊತೆಯಲ್ಲಿ ತಂದು ತೋರಿಸಬೇಕೆಂದು ಕೋರಲಾಗಿದೆ.