ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಬಲ್ಜ್’: ಚಿತ್ರಕ್ಕೂ ನೋವಿಗೂ ತಾಳೆಯಾಗದೇಕೆ?

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಶಿರೋಳ ಎರೆಭೂಮಿಯ ಊರು. ಚೀಲ ಹೊರುವ, ದಿನವಿಡೀ ಬಾಗಿ ಕಳೆ ತೆಗೆಯುವ ಇಂಥ ಊರುಗಳಲ್ಲಿ ನಡನೋವು ಹೊಸದೇನಲ್ಲ. ಹೊಸದೆಂದರೆ ಅದರ ಜೊತೆಗೆ ಬರುವ ಎಂಆರ್‌ಐ ವರದಿ. ನಗರದ ಸ್ಕ್ಯಾನ್ ಕೇಂದ್ರದಿಂದ ಮನೆಗೆ ಬರುವ ಆ ಇಂಗ್ಲಿಷ್ ಹಾಳೆಯಲ್ಲಿ ಮನೆಮಂದಿಗೆ ಅರ್ಥವಾಗುವುದು ಎರಡೇ ಮಾತು: ‘ಡಿಸ್ಕ್ ಉಬ್ಬಿದೆ’, ‘ನರ ಒತ್ತಿದೆ’. ಅಂದಿನಿಂದ ನೋವಿಗೆ ಕಾರಣ ಸಿಕ್ಕಿತೆಂದೂ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದೂ ಅನೇಕರು ಭಾವಿಸುತ್ತಾರೆ. ಆದರೆ ವರದಿ ಹೇಳುವುದು ಬೆನ್ನಿನ ಆಕಾರವನ್ನು, ನೋವಿನ ಕಾರಣವನ್ನಲ್ಲ.

ವರದಿಯ ಪದಗಳು

ಸೊಂಟದ ಭಾಗದಲ್ಲಿ ಐದು ಕಶೇರುಕಗಳಿವೆ. ವರದಿಯಲ್ಲಿ ಇವುಗಳನ್ನು ಎಲ್1ರಿಂದ ಎಲ್5ರವರೆಗೆ ಗುರುತಿಸುತ್ತಾರೆ. ಅದರ ಕೆಳಗಿನ ತ್ರಿಕಾಸ್ಥಿ ಎಸ್1. ಎರಡು ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಹೊರಗೆ ಗಟ್ಟಿಯಾದ ನಾರಿನ ಉಂಗುರ, ಒಳಗೆ ಮೃದುವಾದ ತಿರುಳು. ವಯಸ್ಸಾದಂತೆ ತಿರುಳಿನ ನೀರಿನಂಶ ತಗ್ಗಿ ಡಿಸ್ಕ್ ಚಪ್ಪಟೆಯಾಗುತ್ತದೆ, ಅಂಚು ಹೊರಕ್ಕೆ ಚಾಚುತ್ತದೆ. ಸುತ್ತಳತೆಯ ಬಹುಭಾಗ ಹೀಗೆ ಚಾಚಿದ್ದರೆ ಅದು ‘ಬಲ್ಜ್’. ಒಂದೇ ಕಡೆ ಅಗಲವಾದ ಬುಡದೊಂದಿಗೆ ಉಬ್ಬಿದ್ದರೆ ‘ಪ್ರೊಟ್ರೂಷನ್’. ಉಬ್ಬು ತನ್ನ ಬುಡಕ್ಕಿಂತ ಅಗಲವಾಗಿ ಹೊರಬಂದಿದ್ದರೆ ‘ಎಕ್ಸ್‌ಟ್ರೂಷನ್’.

ನರದ ಬಗೆಗಿನ ಮಾತುಗಳಲ್ಲೂ ಮೆಟ್ಟಿಲುಗಳಿವೆ. ಉಬ್ಬು ನರಮೂಲವನ್ನು ಕೇವಲ ಮುಟ್ಟಿರಬಹುದು, ಅದರ ಸ್ಥಾನದಿಂದ ಸರಿಸಿರಬಹುದು ಅಥವಾ ನಿಜವಾಗಿ ಅದುಮಿ ಚಪ್ಪಟೆಯಾಗಿಸಿರಬಹುದು. ‘ಥೀಕಲ್ ಸ್ಯಾಕ್ ಇಂಡೆಂಟೇಶನ್’ ಎಂದರೆ ನರಗಳಿರುವ ದ್ರವದ ಚೀಲದ ಮೇಲೆ ಸಣ್ಣ ತಗ್ಗು ಕಾಣುತ್ತಿದೆ ಎಂದಷ್ಟೆ. ಒಳಗಿನ ನರ ನಲುಗಿದೆ ಎಂದಲ್ಲ. ಮನೆಯ ಮಾತಿನಲ್ಲಿ ಇವೆಲ್ಲವೂ ‘ನರ ಒತ್ತಿದೆ’ ಎಂದಾಗಿಬಿಡುತ್ತವೆ.

ನೋವಿಲ್ಲದವರಲ್ಲೂ ಉಬ್ಬು

1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವಿಲ್ಲದ 98 ಮಂದಿಯ ಸೊಂಟದ ಎಂಆರ್‌ಐ ಅಧ್ಯಯನವನ್ನು ಪ್ರಕಟಿಸಿದರು. ಶೇ 52ರಷ್ಟು ಮಂದಿಯಲ್ಲಿ ಕನಿಷ್ಠ ಒಂದು ಬಲ್ಜ್, ಶೇ 27ರಷ್ಟು ಮಂದಿಯಲ್ಲಿ ಪ್ರೊಟ್ರೂಷನ್ ಇತ್ತು. ಎಕ್ಸ್‌ಟ್ರೂಷನ್ ಕಂಡದ್ದು ಮಾತ್ರ ಶೇ 1ರಷ್ಟು ಮಂದಿಯಲ್ಲಿ. ನೋವಿಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, 20ರ ವಯಸ್ಸಿನಲ್ಲೇ ಶೇ 30ರಷ್ಟು ಮಂದಿಯಲ್ಲಿ ಬಲ್ಜ್ ಇರುತ್ತದೆ. 80ರ ವಯಸ್ಸಿಗೆ ಅದು ಶೇ 84ಕ್ಕೇರುತ್ತದೆ. ಅಂದರೆ ಬಲ್ಜ್ ಬಹುಮಟ್ಟಿಗೆ ನರೆಗೂದಲಿನಂತೆ ವಯಸ್ಸಿನ ಗುರುತು.

ಓದುವವರು ಬದಲಾದರೆ ವರದಿಯೂ ಬದಲಾಗುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ 63 ವರ್ಷದ ಒಬ್ಬ ಮಹಿಳೆಗೆ ಮೂರು ವಾರಗಳೊಳಗೆ 10 ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡಿಸಲಾಯಿತು. ಹತ್ತೂ ವರದಿಗಳಲ್ಲಿ ಒಟ್ಟು 49 ಬಗೆಯ ದೋಷಗಳು ದಾಖಲಾದವು. ಹತ್ತರಲ್ಲಿಯೂ ಸಮಾನವಾಗಿದ್ದ ದೋಷ ಒಂದೂ ಇರಲಿಲ್ಲ.

ಒಂದು ಉದಾಹರಣೆ

ಹಾಗಾದರೆ ವರದಿಯನ್ನು ಓದುವುದು ಹೇಗೆ? ಶಿರೋಳದ 48 ವರ್ಷದ ರೈತರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಚೀಲ ಎತ್ತಿದ ಮರುದಿನದಿಂದ ಬಲ ಪೃಷ್ಠದಿಂದ ತೊಡೆ ಮತ್ತು ಮೀನಖಂಡದ ಹಿಂಬದಿಯಾಗಿ ಕಿರುಬೆರಳಿನವರೆಗೆ ಚಳುಕು ಇಳಿಯುತ್ತಿದೆ. ಅವರ ವರದಿಯಲ್ಲಿ ಎರಡು ಸಾಲುಗಳಿವೆ. ಮೊದಲನೆಯದು, ಎಲ್4–ಎಲ್5 ಮಟ್ಟದಲ್ಲಿ ಬಲ್ಜ್, ಎಡಬಲ ಎರಡೂ ನರಗಳಿಗೆ ಒತ್ತಡ. ಎರಡನೆಯದು, ಎಲ್5–ಎಸ್1 ಮಟ್ಟದಲ್ಲಿ ಬಲಗಡೆ ಪ್ರೊಟ್ರೂಷನ್, ಬಲ ಎಸ್1 ನರ ಸ್ಥಾನದಿಂದ ಸರಿದಿದೆ.

ಮೊದಲ ಸಾಲು ಹೆಚ್ಚು ಭಯ ಹುಟ್ಟಿಸುತ್ತದೆ. ಆದರೆ ಉತ್ತರ ಇರುವುದು ಕಾಲಿನಲ್ಲಿ. ಎಲ್5 ನರ ಕೆರಳಿದರೆ ನೋವು ಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೂ ಹೆಬ್ಬೆರಳಿಗೂ ಇಳಿಯುತ್ತದೆ. ಹೆಬ್ಬೆರಳನ್ನು ಮೇಲೆತ್ತುವ ಶಕ್ತಿ ತಗ್ಗುತ್ತದೆ. ಎಸ್1 ನರ ಕೆರಳಿದರೆ ನೋವು ಕಾಲಿನ ಹಿಂಬದಿಯಿಂದ ಪಾದದ ಹೊರ ಅಂಚಿಗೆ ಹೋಗುತ್ತದೆ. ತುದಿಗಾಲಲ್ಲಿ ನಿಲ್ಲುವುದು ಕಷ್ಟವಾಗುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ವೈದ್ಯರು ಸುತ್ತಿಗೆಯಿಂದ ತಟ್ಟಿದಾಗ ಪಾದ ಜಿಗಿಯುವ ಪ್ರತಿಕ್ರಿಯೆಯೂ ಮಂದವಾಗುತ್ತದೆ.

ಈ ರೈತರ ಹೆಬ್ಬೆರಳಿನ ಶಕ್ತಿ ಸರಿಯಿದೆ. ಬಲಗಾಲ ತುದಿಯಲ್ಲಿ ನಿಲ್ಲಲಾಗುತ್ತಿಲ್ಲ. ಬಲ ಹಿಮ್ಮಡಿಯ ಪ್ರತಿಕ್ರಿಯೆ ಇಲ್ಲ. ಅಂಗಾತ ಮಲಗಿಸಿ ಬಲಗಾಲನ್ನು ಮಡಿಸದೆ ಎತ್ತಿದಾಗ ಅರ್ಧಕ್ಕೇ ಚಳುಕು ಮೊಣಕಾಲ ಕೆಳಗೆ ಇಳಿಯುತ್ತದೆ. ಪಕ್ಕ, ಮಟ್ಟ, ಲಕ್ಷಣ ಮೂರೂ ಎರಡನೆಯ ಸಾಲಿಗೆ ಹೊಂದುತ್ತವೆ. ಎಡಗಾಲಿನಲ್ಲಿ ಏನೂ ಇಲ್ಲದಿರುವಾಗ, ಎರಡೂ ಬದಿ ಒತ್ತಡವಿದೆ ಎನ್ನುವ ಮೊದಲ ಸಾಲು ಬಹುಶಃ ಹಳೆಯ ಮೌನ ಬದಲಾವಣೆ.

ಅದೇ ವರದಿ ಹಿಡಿದ ಇನ್ನೊಬ್ಬರಿಗೆ ಕಾಲಿನಲ್ಲಿ ನೋವೇ ಇಲ್ಲದೆ, ಬಾಗಿದಾಗ ನಡ ಮಾತ್ರ ಹಿಡಿದುಕೊಳ್ಳುತ್ತಿದ್ದರೆ, ಎರಡೂ ಸಾಲುಗಳಲ್ಲಿನ ‘ನರದ ಒತ್ತಡ’ ಅವರ ನೋವನ್ನು ವಿವರಿಸುವುದಿಲ್ಲ. ಸ್ನಾಯು, ಕೀಲು, ಡಿಸ್ಕ್ ಯಾವುದೂ ಅದರ ಮೂಲವಾಗಿರಬಹುದು. ಬಹುತೇಕ ನಡನೋವುಗಳಲ್ಲಿ ಒಂದೇ ಖಚಿತ ಮೂಲವನ್ನು ಗುರುತಿಸಲು ಆಗುವುದಿಲ್ಲ.

ಒತ್ತಿದ್ದರೂ ನೋಯದೇಕೆ?

ನರಮೂಲದ ಸುತ್ತ ಕೊಬ್ಬಿನ ಮೆತ್ತೆಯೂ ಸ್ವಲ್ಪ ಜಾಗವೂ ಇರುತ್ತವೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆದ ಉಬ್ಬಿಗೆ ನರ ಹೊಂದಿಕೊಳ್ಳುತ್ತದೆ. ಸ್ಥಳೀಯ ಅರಿವಳಿಕೆಯಲ್ಲಿ ನಡೆದ ಬೆನ್ನಿನ ಶಸ್ತ್ರಚಿಕಿತ್ಸೆಗಳ ಅನುಭವವನ್ನು 1991ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಊದಿಕೊಂಡ ನರಮೂಲವನ್ನು ಮುಟ್ಟಿದಾಗ ರೋಗಿಗಳಿಗೆ ತಮ್ಮದೇ ಸಯಾಟಿಕಾ ನೋವು ಮರುಕಳಿಸಿತು. ಆರೋಗ್ಯವಂತ ನರಮೂಲವನ್ನು ಮುಟ್ಟಿದಾಗ ಹಾಗಾಗಲಿಲ್ಲ. ಡಿಸ್ಕಿನ ತಿರುಳು ಹೊರಬಂದಾಗ ಅದರ ರಾಸಾಯನಿಕಗಳೇ ನರವನ್ನು ಕೆರಳಿಸುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿಯೂ ಕಂಡಿದೆ. ಎಂಆರ್‌ಐ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ, ಈ ಕೆರಳಿಕೆಯನ್ನು ಅಷ್ಟಾಗಿ ತೋರಿಸುವುದಿಲ್ಲ. ಚಿಕ್ಕ ಉಬ್ಬು ತೀವ್ರ ನೋವು ಕೊಡುವುದಕ್ಕೂ ದೊಡ್ಡ ಉಬ್ಬು ಸುಮ್ಮನಿರುವುದಕ್ಕೂ ಇದೇ ಕಾರಣ.

ನೋವು ಹೋದಮೇಲೂ ಉಬ್ಬು ಉಳಿಯಬಹುದು. ಸಯಾಟಿಕಾ ರೋಗಿಗಳಿಗೆ ವರ್ಷದ ಬಳಿಕ ಮತ್ತೆ ಎಂಆರ್‌ಐ ಮಾಡಿಸಿದ ನೆದರ್ಲೆಂಡ್ಸ್‌ನ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗುಣವಾದವರಲ್ಲಿ ಶೇ 35, ಗುಣವಾಗದವರಲ್ಲಿ ಶೇ 33ರಷ್ಟು ಮಂದಿಯಲ್ಲಿ ಡಿಸ್ಕ್ ಹೊರಚಾಚಿದ್ದು ಕಂಡಿತು. ಚಿತ್ರ ನೋಡಿ ಗುಣವಾದವರನ್ನು ಬೇರ್ಪಡಿಸಲು ಸಾಧ್ಯವಾಗಲಿಲ್ಲ. ಇನ್ನೊಂದು ಸಂಗತಿಯೂ ಉಂಟು: ಬಲ್ಜ್‌ಗಿಂತ ಭೀಕರವಾಗಿ ಕಾಣುವ ಎಕ್ಸ್‌ಟ್ರೂಷನ್ ತಾನಾಗಿ ಕರಗುವ ಸಾಧ್ಯತೆಯೇ ಹೆಚ್ಚು. ದೇಹದ ರಕ್ಷಣಾ ಕೋಶಗಳು ಹೊರಬಿದ್ದ ತಿರುಳನ್ನು ತಿಂದುಹಾಕುತ್ತವೆ.

ಸ್ಕ್ಯಾನ್ ತಡಮಾಡಬಾರದ್ದು ಯಾವಾಗ?

ಅಪಾಯದ ಸೂಚನೆಗಳಿಲ್ಲದಿದ್ದರೆ ಸುಮಾರು ಆರು ವಾರಗಳ ಆರೈಕೆಯ ನಂತರವೂ ನೋವು ತಗ್ಗದೆ, ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ಆಲೋಚನೆ ಇದ್ದಾಗ ಎಂಆರ್‌ಐ ಉಪಯುಕ್ತ. ಮೇಲಿನ ರೈತರಿಗೂ ಕಾಲಿನ ಶಕ್ತಿ ಇನ್ನಷ್ಟು ಕುಗ್ಗುತ್ತಾ ಹೋಗದಿದ್ದರೆ ಕಾಯಲು ಅವಕಾಶವಿದೆ.

ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಗುದ ಮತ್ತು ಜನನಾಂಗದ ಸುತ್ತ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಡೆಯುವಾಗ ಪಾದ ಜೋತುಬೀಳತೊಡಗಿದರೂ ತಡಮಾಡಬಾರದು. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆಯ ಶಂಕೆ ಮೂಡುತ್ತದೆ. ಅಲ್ಲಿ ಸ್ಕ್ಯಾನ್ ಬೇಗ ಆಗಬೇಕು.

ಉಳಿದಂತೆ ವರದಿ ಕೈಗೆ ಬಂದಾಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿರುವ ಯಾವ ಸಾಲು ಈ ಕಾಲಿನ ನೋವಿಗೆ, ಇದೇ ಪಕ್ಕದಲ್ಲಿ, ಇದೇ ಮಟ್ಟದಲ್ಲಿ ಹೊಂದುತ್ತದೆ? ಯಾವುದೂ ಹೊಂದದಿದ್ದರೆ, ಆ ಸಾಲುಗಳನ್ನು ನೆಚ್ಚಿ ಶಸ್ತ್ರಚಿಕಿತ್ಸೆಗೆ ಒಪ್ಪಲು ಆಧಾರವಿಲ್ಲ.