ನನ್ನ ಏಣಿ, ನಿಮ್ಮ ಏಣಿ

ನಮ್ಮ ಆಫೀಸಿನ ವಾರ್ಷಿಕ ರೇಟಿಂಗ್ ಮೀಟಿಂಗ್. ನಾಲ್ಕು ತಂಡಗಳ ಮ್ಯಾನೇಜರುಗಳು ಒಂದೇ ಮೇಜಿನ ಸುತ್ತ ಕೂತಿದ್ದೆವು. ನಮ್ಮ ತಂಡದ ಹುಡುಗನೊಬ್ಬನಿಗೆ ನಾನು ಐದಕ್ಕೆ ನಾಲ್ಕು ಕೊಟ್ಟಿದ್ದೆ. ಪಕ್ಕದ ತಂಡದವರು, "ಇಷ್ಟು ಕೆಲಸಕ್ಕೆ ನಮ್ಮಲ್ಲಿ ಮೂರೇ ಸಾರ್" ಅಂದ್ರು. ಈ ಜಗಳ ಸಾಫ್ಟ್‌ವೇರ್ ಕಂಪನಿಗಳ ಜೊತೆಗೇ ಹುಟ್ಟಿದ್ದು ಅಂದ್ಕೊಂಡಿದ್ದೆ. ಅಲ್ಲ, ಇದಕ್ಕೆ ನೂರು ವರ್ಷ ದಾಟಿದೆ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸಾವಿರಾರು ಅಧಿಕಾರಿಗಳನ್ನು ತರಾತುರಿಯಲ್ಲಿ ಆರಿಸಬೇಕಿತ್ತು. ವಾಲ್ಟರ್ ಡಿಲ್ ಸ್ಕಾಟ್ ಎಂಬ ಮನಶ್ಶಾಸ್ತ್ರಜ್ಞ, ಸೇಲ್ಸ್‌ಮನ್‌ಗಳ ಆಯ್ಕೆಗೆಂದು ರೂಪಿಸಿದ್ದ ಅಳತೆಯನ್ನು ಸೇನೆಗೆ ಹೊಂದಿಸಿಕೊಟ್ಟ. ಅಂಕ ಕೊಡುವವನು ಮೊದಲು ತನಗೆ ಗೊತ್ತಿರುವ ಐವರು ಅಧಿಕಾರಿಗಳ ಹೆಸರು ಬರೆದು ಏಣಿಯೊಂದನ್ನು ಮಾಡಿಕೊಳ್ಳಬೇಕು. ನಾಯಕತ್ವದ ಏಣಿಯಲ್ಲಿ ಎಲ್ಲರಿಗಿಂತ ಮೇಲಿನವನಿಗೆ 15, ಆಮೇಲೆ 12, 9, 6, ಕೊನೆಯವನಿಗೆ 3. ಹೊಸಬನನ್ನು ಈ ಐವರ ಪಕ್ಕ ನಿಲ್ಲಿಸಿ, ಯಾರನ್ನು ಹೋಲ್ತಾನೋ ಆ ಅಂಕ ಕೊಡೋದು. ದೇಹ, ಬುದ್ಧಿ, ನಡತೆಗೂ ಹೀಗೇ ಬೇರೆ ಬೇರೆ ಏಣಿ. ಸೇವೆಗೆ ಒಟ್ಟು ಉಪಯೋಗಕ್ಕೆ 40.

ಉಪಾಯ ಜಾಣತನದ್ದೇ. ಆದರೆ ಒಂದು ತೊಡಕಿತ್ತು. ಒಬ್ಬ ಕರ್ನಲ್ ಜೀವಮಾನದಲ್ಲಿ ಕಂಡ ಅತ್ಯುತ್ತಮ ನಾಯಕ, ಇನ್ನೊಬ್ಬನ ಏಣಿಯಲ್ಲಿ ಬರೀ ನಡುಮೆಟ್ಟಿಲಿನವನು ಅಂತಿಟ್ಕೊಳ್ಳಿ. ಆಗ ಅದೇ ಲೆಫ್ಟಿನೆಂಟಿಗೆ ಇವನಲ್ಲಿ 15, ಅವನಲ್ಲಿ 9. ಇಬ್ಬರೂ ಪ್ರಾಮಾಣಿಕರೇ, ಏಣಿಗಳ ಎತ್ತರ ಮಾತ್ರ ಬೇರೆ.

1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಮತ್ತೊಂದು ತೊಂದರೆ ತೋರಿಸಿದ. ಸೇನೆಯ ಅಂಕಗಳಲ್ಲಿ ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿ, ನಾಯಕತ್ವದಲ್ಲೂ ಧಾರಾಳವಾಗಿ ಅಂಕ ಬಿದ್ದಿತ್ತು. ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಚೆಲ್ಲಿತ್ತು. ದೇವರ ವಿಗ್ರಹದ ಹಿಂದಿನ ಪ್ರಭಾವಳಿ ಇದ್ದಹಾಗೆ ಅನ್ನಿ.

ಯುದ್ಧದಲ್ಲಿ ಈ ಕೆಲಸವನ್ನೇ ಮಾಡಿದ್ದ ಹೆರಾಲ್ಡ್ ರಗ್ ಲೆಕ್ಕಗಳನ್ನು ಪರಿಶೀಲಿಸಿ, ಒಬ್ಬನ ಅಂಕವನ್ನು ನಂಬಬೇಡಿ ಅಂದ. ಅಂಕ ಕೊಡುವವರು ಒಟ್ಟಿಗೆ ಕೂತು, ತಿಳಿದವರ ಮಾರ್ಗದರ್ಶನದಲ್ಲಿ ಏಣಿಗಳನ್ನು ಸರಿದೂಗಿಸಬೇಕು. ಆಮೇಲೆ ಆ ವ್ಯಕ್ತಿಯನ್ನು ಚೆನ್ನಾಗಿ ಬಲ್ಲ ಮೂವರು ಬೇರೆ ಬೇರೆಯಾಗಿ ಅಂಕ ಕೊಟ್ಟು ಸರಾಸರಿ ತೆಗೀಬೇಕು.

ನಾವು ಮಾಡ್ತಿದ್ದದ್ದು ಇದರ ತಲೆಕೆಳಗು! ಅಂಕ ಮೊದಲು, ಏಣಿಯ ಮಾತು ಆಮೇಲೆ. ಹಾಗಾದಾಗ ಗೆಲ್ಲೋದು ದೊಡ್ಡ ದನಿ. ಈ ಸಲ ಕ್ರಮ ಬದಲಿಸಿದೆವು. ನಾಲ್ಕೂ ತಂಡಗಳಿಗೆ ಗೊತ್ತಿದ್ದ ಇಬ್ಬರ ಕೆಲಸವನ್ನು ಮುಂದಿಟ್ಟು, ಮೂರು ಅಂದ್ರೆ ಇದು, ನಾಲ್ಕು ಅಂದ್ರೆ ಇದು ಅಂತ ಮೊದಲು ಒಪ್ಪಿಕೊಂಡೆವು. ಆಮೇಲೆ ಪ್ರತಿಯೊಬ್ಬರೂ ಚೀಟಿಯಲ್ಲಿ ಅಂಕ ಬರೆದೆವು.

ನನ್ನ ಹುಡುಗ ಮೂರಕ್ಕೆ ಇಳಿದ. ನಾನೂ ಮೂರೇ ಬರೆದಿದ್ದೆ. ಅವನು ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡ್ತಾನೆ. ಆ ಪ್ರಭಾವಳಿಯಲ್ಲಿ ತಡವಾದ ಎರಡು ಕೆಲಸ ನನಗೆ ಕಂಡಿರಲಿಲ್ಲ. ಸೋಮವಾರ ಅವನನ್ನು ಕೂರಿಸಿಕೊಂಡು ಇದನ್ನೇ ಹೇಳಬೇಕು.