ಅಖಂಡೇಶ್ವರಾ ಎಂದು ಕರೆದವರ ಊರು

ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಹದಿನೇಳನೆಯ ಶತಮಾನದವರು. ಬಸವಣ್ಣನವರ ಕಾಲ ಕಳೆದು ಐನೂರು ವರ್ಷವಾದ ಮೇಲೆ ಏಳುನೂರಕ್ಕೂ ಹೆಚ್ಚು ವಚನ ಬರೆದರು. ಅವುಗಳಲ್ಲಿ ಮುದ್ರೆಯಾಗಿ ನಿಂತದ್ದು ಷಣ್ಮುಖ ಎಂಬ ಹೆಸರಲ್ಲ, ಅಖಂಡೇಶ್ವರ. ಅದು ಅವರ ಗುರುವಿನ ಹೆಸರು. ಅದೇ ಸೀಮೆಯ ಕಡಕೋಳದ ಮಡಿವಾಳಪ್ಪನವರು ತಮ್ಮ ತತ್ವಪದಗಳಲ್ಲಿ ಕರೆದದ್ದೂ ಗುರು ಮಹಾಂತನನ್ನೇ.

ಅಂಕಿತನಾಮವೂ ಕಾವ್ಯನಾಮವೂ ಒಂದೇ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಕುವೆಂಪು, ಅಂಬಿಕಾತನಯದತ್ತ ಎಂಬ ಹೆಸರುಗಳು ಕವಿಯನ್ನೇ ಸೂಚಿಸುತ್ತವೆ. ಪುಸ್ತಕದ ಹೊದಿಕೆಯ ಮೇಲೆ, ಕವಿತೆಯ ಹೊರಗೆ ಇರುತ್ತವೆ. ಅಂಕಿತ ಕೃತಿಯ ಒಳಗೇ ಇರುತ್ತದೆ, ಬರೆದವನು ಯಾರ ಮುಂದೆ ನಿಂತಿದ್ದಾನೆ ಎಂದು ತೋರಿಸುತ್ತದೆ. ಹರಿದಾಸರಲ್ಲಂತೂ ಅದನ್ನು ಗುರುವೇ ಕೊಡಬೇಕು. ವಿಜಯದಾಸರಿಗೆ ಪುರಂದರದಾಸರು ಸ್ವಪ್ನದಲ್ಲಿ ಬಂದು 'ವಿಜಯವಿಠಲ' ಎಂಬ ಅಂಕಿತ ಕೊಟ್ಟರೆಂಬುದು ಸಂಪ್ರದಾಯದ ಮಾತು.

ಇಂದು ವಚನ ಬರೆಯುವವರಿಗೆ ಅಂಕಿತ ಕೊಡುವ ಗುರು ಇರಲಿಕ್ಕಿಲ್ಲ, ತಾವೇ ಆರಿಸಿಕೊಳ್ಳಬೇಕು. ಆಗ ಮೊದಲು ನೋಡಬೇಕಾದದ್ದು ಆ ಹೆಸರು ಸಂಬೋಧನೆಗೆ ಒಗ್ಗುತ್ತದೆಯೇ ಎಂಬುದನ್ನು. ಗುಹೇಶ್ವರಾ, ಅಖಂಡೇಶ್ವರಾ ಎನ್ನುವಾಗ ಕೊನೆಯ ಸ್ವರ ದೀರ್ಘವಾಗುತ್ತದೆ. ಅಲ್ಲಿಯವರೆಗೆ ವಾದ ಮಾಡುತ್ತಿದ್ದ ಮಾತು ಕರೆಯಾಗುತ್ತದೆ. ಜೇವರ್ಗಿ ಕಡೆಯ ಹೊಸಬರೊಬ್ಬರು ಭೀಮಾ ನದಿಯ ಮೇಲಿನ ಅಭಿಮಾನದಿಂದ 'ಭೀಮಾತೀರ' ಎಂದು ಇಟ್ಟುಕೊಂಡರು ಎನ್ನಿ. 'ತೊಗರಿ ಒಣಗಿತು, ಕಣ್ಣು ಒಣಗಲಿಲ್ಲ ನೋಡಾ ಭೀಮಾತೀರ' ಎಂದು ಬರೆದರೆ ಸಾಲು ಕೊನೆಗೆ ಬಂದು ಕುಸಿಯುತ್ತದೆ, ಏಕೆಂದರೆ ದಂಡೆಯನ್ನು ಯಾರೂ ಹಾಗೆ ಕೂಗಿ ಕರೆಯುವುದಿಲ್ಲ. 'ಒಣಗಲಿಲ್ಲ ನೋಡು ಭೀಮಾತಾಯೆ' ಎಂದಾಗ ಕೇಳುವವಳೊಬ್ಬಳು ಎದುರಿಗೆ ಬರುತ್ತಾಳೆ, ದೂರಿಗೂ ಅರ್ಥ ಬರುತ್ತದೆ.

ಇನ್ನೊಂದು ಪರೀಕ್ಷೆಯಿದೆ. ಅಂಕಿತವನ್ನು ತೆಗೆದು ಓದಿ ನೋಡಬೇಕು. ಏನೂ ಕಳೆದಂತೆ ಅನಿಸದಿದ್ದರೆ ಅದು ಬರೀ ಸಹಿ.

ಈಗಾಗಲೇ ಒಬ್ಬರದೆಂದು ನಿಂತ ಅಂಕಿತವನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಓಲೆಗರಿಗಳಲ್ಲಿ ಕರ್ತೃವಿನ ಹೆಸರೇ ಇಲ್ಲದ ಎಷ್ಟೋ ವಚನಗಳನ್ನು ವಿದ್ವಾಂಸರು ಗುರುತಿಸಿದ್ದು ಅಂಕಿತದಿಂದಲೇ. ಹತ್ತಿರದ ಹೆಸರು ಬೇಕೆಂದರೆ ಆಯ್ದಕ್ಕಿ ಲಕ್ಕಮ್ಮನ ದಾರಿಯಿದೆ. ಗಂಡ ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ'; ಆಕೆ ಅದರ ಮೊದಲಿಗೆ 'ಮಾರಯ್ಯಪ್ರಿಯ' ಎಂದು ಸೇರಿಸಿ ತನ್ನದನ್ನು ಬೇರೆಯಾಗಿಸಿಕೊಂಡಳು.

ಆರಿಸಿದ ಹೆಸರನ್ನು ಅಚ್ಚಿಗೆ ಕೊಡುವ ಮೊದಲು ಹತ್ತಾರು ರಚನೆಗಳ ಕೊನೆಯಲ್ಲಿಟ್ಟು ಗಟ್ಟಿಯಾಗಿ ಓದಿ ನೋಡಿ. ಬದಲಿಸುವುದಿದ್ದರೆ ಆಗಲೇ ಬದಲಿಸಿ.